ಸ್ಟಿಕರ್ ಅಂದ್ರೆ ಫೋಟೋ ಅಲ್ಲ ಸ್ವಾಮಿ

ನಮ್ಮಂಥ ಜಿಲ್ಲಾ ವರದಿಗಾರರಿಗೆ ಅರ್ಧ ಸುದ್ದಿ ಬರುವುದೇ ವಾಟ್ಸಾಪಿನಲ್ಲಿ. ನಾವು ಬರೆಯುವ ಪತ್ರಿಕೆಯೊಂದು ಓದುಗರು ಕಳಿಸಿದ್ದನ್ನೆಲ್ಲ ಈಗ ಚಿತ್ರ ಓದುವ ಮಾಡೆಲ್‌ಗೆ ಕೊಟ್ಟು, 'ಸುದ್ದಿ', 'ಶುಭಾಶಯ' ಎಂದು ವಿಂಗಡಿಸುತ್ತಿದೆ. ತಪ್ಪಾದಾಗಲೆಲ್ಲ ಡೆಸ್ಕಿನದು ಒಂದೇ ಮಾತು: "ಮಾಡೆಲ್‌ಗೆ ಕನ್ನಡ ಬರಲ್ಲ ಕಣ್ರೀ." ನಾವು ಒಪ್ಪುವುದಿಲ್ಲ. ಕನ್ನಡ ಓದುವ ಸರದಿ ಬರುವ ಮೊದಲೇ ಅಲ್ಲಿ ಚಿತ್ರ ಕೆಟ್ಟಿರುತ್ತದೆ.

ಟ್ಯಾಂಕರ್ ನೀರು ಬಾರದ ಊರಿನ ಹುಡುಗನೊಬ್ಬ ಸ್ಟಿಕರ್ ಮಾಡಿ ಕಳಿಸಿದ. ಖಾಲಿ ಕೊಡ, ಕೆಳಗೆ ಕಪ್ಪು ಅಕ್ಷರದಲ್ಲಿ "ಹನ್ನೊಂದು ದಿನ ಆಯ್ತು". ಮಾಡೆಲ್ ಬರೆದದ್ದು: "ಕಪ್ಪು ಹಿನ್ನೆಲೆಯಲ್ಲಿ ಒಂದು ಕೊಡ." ನಮ್ಮ ಫೋನಿನಲ್ಲಿ ಆ ಕಪ್ಪು ಹಿನ್ನೆಲೆ ಇರಲೇ ಇಲ್ಲ! ಎಲ್ಲಿಂದ ಬಂತು?

ಫೋನಿನಲ್ಲಿ ತೆಗೆದ ಜೆಪೆಗ್ ಫೋಟೋದ ಪ್ರತಿ ಚುಕ್ಕೆಗೂ ಕೆಂಪು, ಹಸಿರು, ನೀಲಿ ಎಂದು ಮೂರು ಅಂಕಿ. ವಾಟ್ಸಾಪ್ ಸ್ಟಿಕರ್ 512 ಚುಕ್ಕೆ ಅಗಲ, ಅಷ್ಟೇ ಎತ್ತರದ ವೆಬ್‌ಪಿ ಫೈಲು. ಅದರಲ್ಲಿ ನಾಲ್ಕನೆಯ ಅಂಕಿಯೊಂದಿದೆ: ಆ ಚುಕ್ಕೆ ಎಷ್ಟು ಪಾರದರ್ಶಕ ಎಂಬುದು. ಚಾಟಿನಲ್ಲಿ ಹಿಂದಿನ ವಾಲ್‌ಪೇಪರ್ ಕಾಣುವುದು ಅದರಿಂದಲೇ. ಮಾಡೆಲ್‌ಗೆ ಕೊಡುವ ಮುನ್ನ ಡೆಸ್ಕಿನ ಸಾಫ್ಟ್‌ವೇರ್ ಆ ಅಂಕಿಯನ್ನು ಕಿತ್ತೆಸೆಯುತ್ತಿತ್ತು. ಪಾರದರ್ಶಕ ಚುಕ್ಕೆಯ ಉಳಿದ ಮೂರು ಅಂಕಿ ಹೆಚ್ಚಾಗಿ ಸೊನ್ನೆ. ಸೊನ್ನೆ ಎಂದರೆ ಕಪ್ಪು. ಕಪ್ಪಿನ ಮೇಲೆ ಕಪ್ಪು ಅಕ್ಷರ ಯಾರಿಗೆ ಕಂಡೀತು? ಬಿಳಿ ಹಾಕಿದರೂ ಬಿಳಿ ಅಕ್ಷರದ ಸ್ಟಿಕರ್ ಮಾಯ. ನಡುಬೂದು ಬಣ್ಣದ ಮೇಲೆ ಕೂರಿಸಿ ಎಂದೆವು. ಕೂರಿಸಿದರು. ಅದೇ ಮಾಡೆಲ್ ಅದೇ ಸ್ಟಿಕರ್‌ನ ಹನ್ನೊಂದು ದಿನವನ್ನು ತಪ್ಪಿಲ್ಲದೆ ಓದಿತು. ಕನ್ನಡ ಬಂತಲ್ಲ!

ಎಮೋಜಿ ಮಾತ್ರ ಚಿತ್ರವೇ ಅಲ್ಲ. 🙏 ಎಂಬುದು 'ಕ' ಇದ್ದಂತೆ ಒಂದು ಅಕ್ಷರ, ಯೂನಿಕೋಡ್ ಸಂಖ್ಯೆ U+1F64F. ಟೈಪಾಗಿ ಬಂದರೆ ಮಾಡೆಲ್‌ಗೆ ಅದು ಪಠ್ಯವಾಗಿಯೇ ಸಿಗುತ್ತದೆ. ಚಾಟಿನ ಸ್ಕ್ರೀನ್‌ಶಾಟ್ ಕಳಿಸಿದಾಗಷ್ಟೇ ಅದು ಚಿತ್ರವಾಗುವುದು, ಅದೂ ಒಂದೊಂದು ಕಂಪನಿಯ ಫೋನಿನಲ್ಲಿ ಒಂದೊಂದು ರೂಪದ ಸಣ್ಣ ಚಿತ್ರ.

ಜಿಫ್‌ನದು ಇನ್ನೂ ದೊಡ್ಡ ರಗಳೆ. ವಾಟ್ಸಾಪಿನಲ್ಲಿ ಜಿಫ್ ಎಂದು ಕಾಣುವುದು ಸಾಮಾನ್ಯವಾಗಿ ದನಿಯಿಲ್ಲದ ಎಂಪಿ4 ವಿಡಿಯೋ. ಡೆಸ್ಕಿನವರು ಅದರ ಮೊದಲ ಫ್ರೇಮ್ ಒಂದನ್ನೇ ಮಾಡೆಲ್‌ಗೆ ಕೊಡುತ್ತಾರೆ. ಗುಲಾಬಿ ಹೂವಿನ "ಶುಭೋದಯ" ಹೋಗಿ, ಎರಡು ಸೆಕೆಂಡಿನ ಮೇಲೆ "ಈ ವಾರ ಸಂತೆ ಇಲ್ಲ" ಎಂದು ಬಂದ ಜಿಫ್ ನೇರವಾಗಿ ಶುಭಾಶಯದ ಡಬ್ಬಕ್ಕೆ ಬಿತ್ತು. ಸಂತೆಗೆ ಕುರಿ ಹೊಡೆದುಕೊಂಡು ಬಂದವರು ಬರಿಗೈಲಿ ಹಿಂತಿರುಗಿದರು. ಸೆಕೆಂಡಿಗೊಂದು ಫ್ರೇಮ್ ತೆಗೆದರೂ ಅರ್ಧ ಸೆಕೆಂಡು ಮಿಂಚಿದ ಅಕ್ಷರ ತಪ್ಪಬಹುದು. ಚಿತ್ರ ಬದಲಾದಾಗಲೆಲ್ಲ ಒಂದು ತೆಗೆಯಬೇಕು. ಖರ್ಚು ಹೆಚ್ಚಾಗುತ್ತದಂತೆ. ಹಾಗಾಗಿ ಈಗ ನಾವೇ ಅಕ್ಷರ ಬರುವ ಹೊತ್ತಿಗೆ ಸ್ಕ್ರೀನ್‌ಶಾಟ್ ಹೊಡೆದು ಕಳಿಸುತ್ತಿದ್ದೇವೆ. ಇದಕ್ಕೆ ಸಂಭಾವನೆ ಇಲ್ಲ, ಬಿಡಿ.