ಕೋನದ ತಪ್ಪು ಮಕ್ಕಳದಲ್ಲ

"ಬಾಹುಗಳು ಉದ್ದವಾದರೆ ಕೋನ ದೊಡ್ಡದು" ಎಂದು ಮಗು ಬರೆದರೆ ನಾವು ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತೇವೆ. ನಾನೂ ವರ್ಷಗಟ್ಟಲೆ ಎಳೆದವನೇ. ಆದರೆ ತಪ್ಪು ಮಗುವಿನದಲ್ಲ, ನಮ್ಮದು.

ಒಮ್ಮೆ ಕರಿಹಲಗೆಯ ಮೇಲೆ ಎರಡು ಕೋನಗಳನ್ನು ಬರೆದೆ. ಒಂದು 40 ಡಿಗ್ರಿ, ಬಾಹುಗಳು 60 ಸೆಂ.ಮೀ. ಇನ್ನೊಂದು 60 ಡಿಗ್ರಿ, ಬಾಹುಗಳು 20 ಸೆಂ.ಮೀ. ಯಾವುದು ದೊಡ್ಡದೆಂದು ಕೇಳಿದರೆ ಹೆಚ್ಚಿನವರು ಮೊದಲನೆಯದನ್ನೇ ತೋರಿಸಿದರು. "ಅದರ ಬಾಯಿ ಅಗಲ, ಸಾರ್" ಎಂದನೊಬ್ಬ. ಅಳೆದು ನೋಡಿದೆ. ಮೊದಲನೆಯದರ ತುದಿಗಳ ನಡುವೆ ಸುಮಾರು 41 ಸೆಂ.ಮೀ., ಎರಡನೆಯದರಲ್ಲಿ 20 ಮಾತ್ರ. ಹುಡುಗನ ಅಳತೆ ಸರಿಯಾಗಿಯೇ ಇತ್ತು. ಅವನು ಅಳೆದದ್ದು ಮಾತ್ರ ಕೋನವನ್ನಲ್ಲ. ಕೋನವೆಂದರೆ ತುದಿಗಳ ಅಂತರವಲ್ಲ, ಒಂದು ಬಾಹು ಶೃಂಗದ ಸುತ್ತ ಇನ್ನೊಂದರಿಂದ ತಿರುಗಿದ ಪ್ರಮಾಣ.

ಇದು ಅವನಿಗೆ ತಿಳಿಯುವುದಾದರೂ ಹೇಗೆ? ನಾವು ಎಲ್ಲ ಕೋನಗಳಿಗೂ ಒಂದೇ ಉದ್ದದ ಬಾಹುಗಳನ್ನು ಎಳೆಯುತ್ತೇವೆ. ಬಾಹುಗಳು ಸಮವಿದ್ದಾಗ ತುದಿಗಳ ಅಂತರ ನೋಡಿದರೂ ಉತ್ತರ ಸರಿಬರುತ್ತದೆ. ತಪ್ಪು ಕಲ್ಪನೆಗೂ ಪೂರ್ಣ ಅಂಕ ದೊರೆಯುತ್ತದೆ. ಮುಂದೆ, ಬಾಹು ಕೋನಮಾಪಕದ ಅಂಚನ್ನು ಮುಟ್ಟದಿದ್ದಾಗ, ಗೆರೆ ಬೆಳೆಸಿದರೆ ಕೋನ ಬದಲಾದೀತೆಂದು ಅದೇ ಮಗು ಅಂಜುತ್ತದೆ.

ನನ್ನ ವಿದ್ಯಾರ್ಥಿಗಳಲ್ಲಿ ಶಿಕ್ಷಕರಾದವರೇ, ದೊಡ್ಡ ಕೋನಕ್ಕೆ ಗಿಡ್ಡ ಬಾಹು, ಸಣ್ಣ ಕೋನಕ್ಕೆ ಉದ್ದ ಬಾಹು ಎಳೆದು ಕೇಳಿ. ಬಳಿಕ ಗೋಡೆ ಗಡಿಯಾರವನ್ನೂ ಕೈಗಡಿಯಾರವನ್ನೂ ಮೂರು ಗಂಟೆಗೆ ನಿಲ್ಲಿಸಿ ತೋರಿಸಿ. ಮುಳ್ಳುಗಳ ಉದ್ದ ಏನೇ ಇರಲಿ, ಎರಡರಲ್ಲೂ 90 ಡಿಗ್ರಿಯೇ.