ಚೀಟಿ ಎತ್ತಿದ್ದು ಮಕ್ಕಳದ್ದೋ, ಶಾಲೆಗಳದ್ದೋ?

ಎಲೆಕ್ಟ್ರಾನಿಕ್ ಸಿಟಿಯ ಸಣ್ಣ ಕಂಪನಿಯೊಂದರಲ್ಲಿ ಡೇಟಾ ಅನಲಿಸ್ಟ್ ಆಗಿ ಸೇರಿದ ಮೂರನೇ ತಿಂಗಳಲ್ಲೇ ನಾನೊಂದು ದೊಡ್ಡ ತಪ್ಪು ಮಾಡಿದೆ. ಆ ತಪ್ಪು ಕೋಡ್‌ನಲ್ಲಿರಲಿಲ್ಲ, ಎಣಿಕೆಯಲ್ಲಿತ್ತು.

ಪೀಣ್ಯದ ಸುತ್ತಮುತ್ತಲಿನ 20 ಶಾಲೆಗಳಲ್ಲಿ ಚೀಟಿ ಎತ್ತಿ 10ನ್ನು ಆರಿಸಿ, ಅಲ್ಲಿ ಸಂಜೆ ಹೊತ್ತು ಗಣಿತ ತರಗತಿ ನಡೆಸಲಾಗಿತ್ತು. ವರ್ಷದ ಕೊನೆಗೆ ಎಲ್ಲ 20 ಶಾಲೆಗಳಲ್ಲೂ ಒಂದೇ ಪರೀಕ್ಷೆ. ಶಾಲೆಗೆ 40ರಂತೆ 800 ಮಕ್ಕಳು. (ಲೆಕ್ಕ ಸುಲಭವಾಗಲೆಂದು ಇಲ್ಲಿನ ಅಂಕಿಗಳನ್ನು ದುಂಡಾಗಿಸಿದ್ದೇನೆ.) ಕಾಲೇಜಿನಲ್ಲಿ ಕಲಿತ ರಿಗ್ರೆಷನ್ ಓಡಿಸಿದೆ. ತರಗತಿ ಸಿಕ್ಕ ಮಕ್ಕಳು ಸರಾಸರಿ 4 ಅಂಕ ಮುಂದಿದ್ದರು. ಸ್ಟ್ಯಾಂಡರ್ಡ್ ಎರರ್ 1.06. ಅಂದರೆ ನಿಜವಾದ ಲಾಭ ಸುಮಾರು 2ರಿಂದ 6 ಅಂಕದೊಳಗೆ ಇರಬೇಕು. ‘ಯೋಜನೆ ಯಶಸ್ವಿ, 50 ಶಾಲೆಗಳಿಗೆ ವಿಸ್ತರಿಸಬಹುದು’ ಎಂದು ವರದಿ ಬರೆದುಬಿಟ್ಟೆ.

ನಮ್ಮ ಸೀನಿಯರ್ ಮೇಡಂ ಅದನ್ನು ಓದಿ ಒಂದೇ ಪ್ರಶ್ನೆ ಕೇಳಿದರು: ‘ಚೀಟಿ ಎತ್ತಿದ್ದು ಮಕ್ಕಳ ಹೆಸರಲ್ಲೋ, ಶಾಲೆಗಳ ಹೆಸರಲ್ಲೋ?’

ಸಾಮಾನ್ಯ ರಿಗ್ರೆಷನ್ ಪ್ರತಿ ಮಗುವನ್ನೂ ಸ್ವತಂತ್ರ ಸಾಕ್ಷಿ ಎಂದು ಭಾವಿಸುತ್ತದೆ. ಆದರೆ ಒಂದು ಶಾಲೆಯ 40 ಮಕ್ಕಳಿಗೆ ಗಣಿತದ ಟೀಚರ್ ಒಬ್ಬರೇ. ಆ ಹುದ್ದೆ ಆರು ತಿಂಗಳು ಖಾಲಿ ಬಿದ್ದರೆ 40 ಮಕ್ಕಳ ಅಂಕವೂ ಒಟ್ಟಿಗೇ ಇಳಿಯುತ್ತದೆ. ಕೆಲಸ ಹುಡುಕಿ ಬಂದ ಕಾರ್ಮಿಕರ ಮಕ್ಕಳು ಒಂದೇ ಶಾಲೆಯಲ್ಲಿ ಹೆಚ್ಚಿದ್ದರೆ ಅಲ್ಲೂ ಹಾಗೆಯೇ. ಒಬ್ಬರ ಅಂಕ ತಿಳಿದರೆ ಪಕ್ಕದವರ ಅಂಕದ ಒಂದಿಷ್ಟು ಸುಳಿವು ಸಿಕ್ಕಂತೆ. ಹಾಗಾಗಿ 40 ಮಕ್ಕಳಿದ್ದರೂ 40 ಹೊಸ ಸಾಕ್ಷಿಗಳು ಸಿಗುವುದಿಲ್ಲ.

ಈ ಹೋಲಿಕೆಯನ್ನು ಅಳೆಯಲು ಒಂದು ಸಂಖ್ಯೆಯಿದೆ: ಇಂಟ್ರಾಕ್ಲಾಸ್ ಕೋರಿಲೇಷನ್. ಅಂಕಗಳ ಒಟ್ಟು ಏರುಪೇರಿನಲ್ಲಿ ಶಾಲೆಯಿಂದ ಶಾಲೆಗಿರುವ ವ್ಯತ್ಯಾಸದ ಪಾಲು ಎಷ್ಟು ಎಂಬುದನ್ನು ಅದು ಹೇಳುತ್ತದೆ. ನಮ್ಮ ಡೇಟಾದಲ್ಲಿ ಅದು 0.2. ಲೆಸ್ಲಿ ಕಿಶ್ ಎಂಬ ಸಂಖ್ಯಾಶಾಸ್ತ್ರಜ್ಞರ ಸೂತ್ರದ ಪ್ರಕಾರ 1 + (40 − 1) × 0.2 = 8.8. ನಮ್ಮ 800 ಮಕ್ಕಳನ್ನು ಇದರಿಂದ ಭಾಗಿಸಿದರೆ ಉಳಿಯುವುದು ಸುಮಾರು 91 ಮಕ್ಕಳಷ್ಟು ಮಾಹಿತಿ! ಸ್ಟ್ಯಾಂಡರ್ಡ್ ಎರರ್ 8.8ರ ವರ್ಗಮೂಲದಷ್ಟು, ಅಂದರೆ ಹೆಚ್ಚುಕಡಿಮೆ ಮೂರು ಪಟ್ಟು ಹಿಗ್ಗಿ 3.15 ಆಗುತ್ತದೆ.

ಹೈಯರಾರ್ಕಿಕಲ್ ಮಾಡೆಲ್ ಮಾಡುವುದು ಇದನ್ನೇ. ಏರುಪೇರನ್ನು ಶಾಲೆಗಳ ನಡುವಿನದ್ದು, ಶಾಲೆಯೊಳಗಿನದ್ದು ಎಂದು ಎರಡು ಮಟ್ಟಗಳಲ್ಲಿ ಬೇರ್ಪಡಿಸುತ್ತದೆ. ಆರ್ ಭಾಷೆಯ lme4 ಪ್ಯಾಕೇಜಿನಲ್ಲಿ ಇದಕ್ಕೆ ಒಂದೇ ಸಾಲು ಸಾಕು:

```
lmer(marks ~ program + (1 | school), data = d)
```

ಮತ್ತೆ ಓಡಿಸಿದಾಗ ಲಾಭ ಅದೇ 4 ಅಂಕ. ಆದರೆ ಅದರ ವ್ಯಾಪ್ತಿ ಮೈನಸ್ 2.6ರಿಂದ 10.6ರವರೆಗೆ ಹರಡಿತ್ತು. ಯೋಜನೆ ಸೋತಿದೆ ಎಂದು ಇದರ ಅರ್ಥವಲ್ಲ. ಗೆದ್ದಿದೆ ಎನ್ನಲು ಸಾಕ್ಷಿ ಸಾಲದು, ಅಷ್ಟೆ. ಮಾಡೆಲ್ ಗೊತ್ತಿಲ್ಲದವರೂ ಇದನ್ನು ಪರೀಕ್ಷಿಸಬಹುದು. ಎಕ್ಸೆಲ್‌ನಲ್ಲಿ ಪ್ರತಿ ಶಾಲೆಯ ಸರಾಸರಿ ತೆಗೆದು, 10 ಸರಾಸರಿಗಳನ್ನು ಇನ್ನುಳಿದ 10ರ ಜೊತೆ ಹೋಲಿಸಿ ನೋಡಿ. ಎಲ್ಲ ಶಾಲೆಗಳಲ್ಲೂ ಮಕ್ಕಳ ಸಂಖ್ಯೆ ಸಮನಾಗಿದ್ದರೆ ಇದೇ ಉತ್ತರ ಬರುತ್ತದೆ.

ಈ ತಪ್ಪು ಹೊಸಬರದ್ದಷ್ಟೇ ಅಲ್ಲ. ಇಂಗ್ಲೆಂಡಿನಲ್ಲಿ 1976ರಲ್ಲಿ ನೆವಿಲ್ ಬೆನೆಟ್ ಅವರು ಸಾಂಪ್ರದಾಯಿಕ ಬೋಧನೆಯಿಂದಲೇ ಮಕ್ಕಳು ಹೆಚ್ಚು ಕಲಿಯುತ್ತಾರೆ ಎಂಬ ಅಧ್ಯಯನ ಪ್ರಕಟಿಸಿದಾಗ ದೊಡ್ಡ ಚರ್ಚೆಯೇ ನಡೆಯಿತು. 1981ರಲ್ಲಿ ಐಟ್ಕಿನ್ ಮತ್ತು ಸಂಗಡಿಗರು ಮಕ್ಕಳು ಯಾವ ತರಗತಿಯವರು ಎಂಬುದನ್ನೂ ಪರಿಗಣಿಸಿ ಅದೇ ಡೇಟಾವನ್ನು ವಿಶ್ಲೇಷಿಸಿದರು. ಖಚಿತವೆಂದು ಕಂಡಿದ್ದ ವ್ಯತ್ಯಾಸಗಳು ಖಚಿತವಾಗಿ ಉಳಿಯಲಿಲ್ಲ.

ಹಾಗಾದರೆ ಇನ್ನಷ್ಟು ಮಕ್ಕಳನ್ನು ಸೇರಿಸಿದರೆ ಸಾಕೇ? ನಾನೂ ಹಾಗೇ ಅಂದುಕೊಂಡಿದ್ದೆ. ಅದೇ 20 ಶಾಲೆಗಳಲ್ಲಿ ತಲಾ 80 ಮಕ್ಕಳನ್ನು ಪರೀಕ್ಷಿಸಿದರೂ ಸ್ಟ್ಯಾಂಡರ್ಡ್ ಎರರ್ 3.15ರಿಂದ 3.07ಕ್ಕಷ್ಟೇ ಇಳಿಯುತ್ತದೆ. ಅದೇ 800 ಮಕ್ಕಳನ್ನು 40 ಶಾಲೆಗಳಿಂದ 20ರಂತೆ ಆರಿಸಿದ್ದರೆ 2.32ಕ್ಕೆ ಇಳಿಯುತ್ತಿತ್ತು. ಬೇಕಿರುವುದು ಶಾಲೆಗಳ ಸಂಖ್ಯೆ. ಇನ್ನೊಂದು ಮಿತಿಯೂ ಇದೆ: ಚೀಟಿ ಎತ್ತದೆ, ಮೊದಲೇ ಚೆನ್ನಾಗಿದ್ದ ಶಾಲೆಗಳನ್ನೇ ಯೋಜನೆಗೆ ಆರಿಸಿದ್ದರೆ ಆ ಪಕ್ಷಪಾತವನ್ನು ಈ ಮಾಡೆಲ್ ಸರಿಪಡಿಸದು.

ವೈಟ್‌ಫೀಲ್ಡ್‌ನಿಂದ ಪೀಣ್ಯದವರೆಗೆ ಕಂಪನಿಗಳ ಸಿಎಸ್‌ಆರ್ ಹಣ ಶಾಲೆಗಳಿಗೆ ಬರುತ್ತಿದೆ. 2021ರ ನಿಯಮದಂತೆ ದೊಡ್ಡ ಕಂಪನಿಗಳು ಒಂದು ಕೋಟಿ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ವೆಚ್ಚದ ಯೋಜನೆಗಳ ಪರಿಣಾಮವನ್ನು ಹೊರಗಿನ ಸಂಸ್ಥೆಯಿಂದ ಅಳೆಸಬೇಕು. ಆ ವರದಿಗಳನ್ನು ಬರೆಯುವವರು ನಮ್ಮಂಥ ಹೊಸಬರೇ. ಅದಕ್ಕೇ ನನ್ನ ವಾದ ಇಷ್ಟು: ‘ಇಷ್ಟು ಸಾವಿರ ಮಕ್ಕಳ ಅಧ್ಯಯನ’ ಎಂದು ಬರೆಯುವ ಪ್ರತಿ ವರದಿಯೂ ಪಕ್ಕದಲ್ಲೇ ಎಷ್ಟು ಶಾಲೆಗಳು, ಇಂಟ್ರಾಕ್ಲಾಸ್ ಕೋರಿಲೇಷನ್ ಎಷ್ಟು ಎಂಬುದನ್ನೂ ಹೇಳಲೇಬೇಕು.

ನನ್ನ ವರದಿಯಿಂದ ‘ಯಶಸ್ವಿ’ ಎಂಬ ಪದ ತೆಗೆದೆ. ‘50 ಶಾಲೆಗಳಿಗೆ ವಿಸ್ತರಿಸುವಾಗ ಮೊದಲ ವರ್ಷ ಚೀಟಿ ಎತ್ತಿ ಅರ್ಧದಲ್ಲಿ ಮಾತ್ರ ಆರಂಭಿಸಿ, ಅಳೆದು ನೋಡಿ’ ಎಂದು ಬರೆದೆ. ಮೇಡಂ ಸಹಿ ಹಾಕಿದರು.