ಕನ್ನಡದಲ್ಲೇ ಬಂದ ಕರೆ

ಕಳೆದ ವಾರ ಮಂಜೇಶ್ವರ ತಾಲೂಕಿನ ಒಳನಾಡಿನಿಂದ ಹಿರಿಯರೊಬ್ಬರು ನಮ್ಮ ಕಚೇರಿಗೆ ಬಂದಿದ್ದರು. ಅಡಿಕೆ ಕೃಷಿಕರು, ಬಹುಕಾಲದ ಚಂದಾದಾರರು. ಚೀಲದಿಂದ ಪಾಸ್‌ಬುಕ್ಕನ್ನು ತೆಗೆದು ಮೇಜಿನ ಮೇಲಿಟ್ಟರು. ಅಡಿಕೆ ಮಾರಿದ ಹಣದಲ್ಲಿ 1,23,000 ರೂಪಾಯಿ ಒಂದೇ ಮುಂಜಾನೆ ಮೂರು ಕಂತುಗಳಲ್ಲಿ ಹೊರಟುಹೋಗಿದೆ. "ಕನ್ನಡದಲ್ಲೇ ಮಾತಾಡಿದ್ರು ಮಾರಾಯ್ರೇ, ಹಾಗಾಗಿ ನಂಬಿದೆ" ಎಂದರು. ಹೋದ ಹಣಕ್ಕಿಂತಲೂ ಈ ಮಾತು ನಮ್ಮನ್ನು ಹೆಚ್ಚು ಕಲಕಿತು.

ನಡೆದದ್ದು ಹೀಗೆ. ಒಂದು ಶುಕ್ರವಾರ ಹನ್ನೊಂದು ಗಂಟೆಯ ಹೊತ್ತಿಗೆ ಅವರ ಮೊಬೈಲಿಗೆ ಕರೆ ಬಂತು. ಮೊದಲು ಮಾತಾಡಿದವನದು ಹಿಂದಿ. ಇವರು ತಡವರಿಸಿದಾಗ, "ಕನ್ನಡದವರಿಗೆ ಕೊಡುತ್ತೇನೆ" ಎಂದು ಇನ್ನೊಬ್ಬನಿಗೆ ದಾಟಿಸಿದ. ಈ ಎರಡನೆಯವನು ಬಹು ವಿನಯಶಾಲಿ. ಬ್ಯಾಂಕಿನ ಹೆಸರು, ಶಾಖೆಯ ಹೆಸರು, ಇವರ ಪೂರ್ಣ ಹೆಸರು, ಎಲ್ಲವನ್ನೂ ಸರಿಯಾಗಿಯೇ ಹೇಳಿದ. ಕೆವೈಸಿ ನವೀಕರಿಸಿಲ್ಲ, ಸಂಜೆಯೊಳಗೆ ಖಾತೆ ಸ್ಥಗಿತವಾಗುತ್ತದೆ, ಬ್ಯಾಂಕಿಗೆ ಬಂದು ಕ್ಯೂ ನಿಲ್ಲಬೇಕಾಗಿಲ್ಲ, ತಾನು ಈಗಲೇ ಸರಿಪಡಿಸಿಕೊಡುತ್ತೇನೆ ಎಂದ. ಒಂದು ಸಂದೇಶ ಬಂತು. ಅದರಲ್ಲಿದ್ದ ಕೊಂಡಿಯನ್ನು ಒತ್ತಿದಾಗ ಬ್ಯಾಂಕಿನ ಲಾಂಛನವಿದ್ದ ಪುಟ ತೆರೆಯಿತು. ಎಟಿಎಂ ಕಾರ್ಡಿನ ಹದಿನಾರು ಅಂಕಿ, ಅವಧಿ ಮುಗಿಯುವ ತಿಂಗಳು, ಹಿಂಬದಿಯ ಮೂರು ಅಂಕಿ, ಇವಿಷ್ಟನ್ನು ಅದು ಕೇಳಿತು. ಮೊಮ್ಮಗಳು ತುಂಬಿಕೊಟ್ಟಳು. ಕೂಡಲೇ ಆರಂಕಿಯ ಒಟಿಪಿ ಬಂತು. ಅದನ್ನು ಓದಿ ಹೇಳಿದರು. "ಸರ್ವರ್ ಸಿಗಲಿಲ್ಲ, ಇನ್ನೊಂದು ಬರುತ್ತದೆ" ಎಂದ. ಎರಡನೆಯದನ್ನೂ ಹೇಳಿದರು, ಮೂರನೆಯದನ್ನೂ ಹೇಳಿದರು. 49,500, ಮತ್ತೆ 49,500, ಕೊನೆಗೆ 24,000. ಹಣ ಕಡಿತವಾದ ಸಂದೇಶಗಳು ಬರತೊಡಗಿದಾಗ ಗಾಬರಿಯಿಂದ ಕೇಳಿದರೆ, "ಅದು ಪರೀಕ್ಷೆಗೆಂದು ತೆಗೆದದ್ದು, ಸಂಜೆಗೆ ವಾಪಸು ಬರುತ್ತದೆ" ಎಂಬ ಸಮಾಧಾನದ ಮಾತು. ಇವರು ಸಂಜೆಯವರೆಗೆ ಕಾದರು. ಮರುದಿನ ಎರಡನೇ ಶನಿವಾರ, ಆ ಮೇಲೆ ಭಾನುವಾರ. ಬ್ಯಾಂಕಿನ ಮೆಟ್ಟಿಲು ಹತ್ತಿದ್ದು ಸೋಮವಾರ.

ಇಲ್ಲಿ ಜನರು ಸಾಮಾನ್ಯವಾಗಿ ಗಮನಿಸದಿರುವ ಸಂಗತಿಯೊಂದಿದೆ. ಆ ಕರೆ ಸುಳ್ಳು, ಆ ಪುಟ ಸುಳ್ಳು. ಆದರೆ ಒಟಿಪಿಯ ಸಂದೇಶ ಮಾತ್ರ ಸುಳ್ಳಲ್ಲ. ಅದು ನಿಜವಾಗಿಯೂ ಬ್ಯಾಂಕಿನಿಂದಲೇ ಬಂದದ್ದು. ಮೊಮ್ಮಗಳು ಇಲ್ಲಿ ತುಂಬಿದ ಅಂಕಿಗಳನ್ನು ಆ ಕಡೆಯಲ್ಲಿ ಕುಳಿತವನು ಅದೇ ನಿಮಿಷದಲ್ಲಿ ನಿಜವಾದ ಒಂದು ಆನ್‌ಲೈನ್ ಅಂಗಡಿಯಲ್ಲಿ ತುಂಬುತ್ತಿದ್ದ. ಬ್ಯಾಂಕಿನ ಯಂತ್ರಕ್ಕೆ ಕಂಡದ್ದು ಇಷ್ಟೆ: ಈ ಕಾರ್ಡಿನವರು ಏನನ್ನೋ ಕೊಳ್ಳುತ್ತಿದ್ದಾರೆ, ಹೌದೋ ಅಲ್ಲವೋ ಎಂದು ಅವರನ್ನೇ ಕೇಳಬೇಕು. ಹಾಗೆ ಕೇಳುವ ಕ್ರಮವೇ ಒಟಿಪಿ. ಕಾರ್ಡಿನ ಅಂಕಿಗಳು ಯಾರ ಕೈಗೆ ಸಿಕ್ಕಿದರೂ ಮಾಲಕನ ಒಪ್ಪಿಗೆಯಿಲ್ಲದೆ ಹಣ ಹೋಗದಿರಲೆಂದು, ಇಂತಹ ಖರೀದಿಗೆ ಎರಡನೆಯ ಗುರುತೊಂದು ಇರಲೇಬೇಕೆಂದು ರಿಸರ್ವ್ ಬ್ಯಾಂಕು 2009ರ ಆಗಸ್ಟಿನಿಂದ ಕಡ್ಡಾಯ ಮಾಡಿತು. ಚೆಕ್ಕಿನ ಮೇಲೆ ಹಾಕುವ ರುಜುವಿನ ಸ್ಥಾನ ಅದಕ್ಕೆ. ಆ ಅಂಕಿಯನ್ನು ಹುಟ್ಟಿಸುವುದು ಬ್ಯಾಂಕೇ ಆಗಿರುವಾಗ ಅದನ್ನು ನಮ್ಮಿಂದ ಕೇಳಿ ತಿಳಿಯಬೇಕಾದ ಅಗತ್ಯ ಬ್ಯಾಂಕಿನ ಯಾವ ನೌಕರನಿಗೂ, ಮ್ಯಾನೇಜರಿಗೂ ಇಲ್ಲ.

ನಾವು ಆ ಹಿರಿಯರ ಫೋನನ್ನು ತೆರೆದು ನೋಡಿದೆವು. ಮೂರು ಸಂದೇಶಗಳೂ ಹಾಗೆಯೇ ಇದ್ದವು. ಪ್ರತಿಯೊಂದರಲ್ಲಿಯೂ ಇಂಥ ಅಂಗಡಿಯಲ್ಲಿ ಇಷ್ಟು ರೂಪಾಯಿಯ ಖರೀದಿಗೆ ಈ ಒಟಿಪಿ, ಯಾರಿಗೂ ಹೇಳಬೇಡಿ ಎಂದು ಸ್ಪಷ್ಟವಾಗಿ ಬರೆದಿತ್ತು. ಬರೆದದ್ದು ಇಂಗ್ಲಿಷಿನಲ್ಲಿ. ನಾಲ್ಕನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಓದಿದ ಅವರಿಗೆ ಅದರಲ್ಲಿ ಓದಲು ಬಂದದ್ದು ಆರು ಅಂಕಿಗಳು ಮಾತ್ರ. ಉಳಿದುದರ ಅರ್ಥವನ್ನು ಕನ್ನಡದಲ್ಲಿ ಹೇಳಿದವನು ಕಳ್ಳ!

ಆದುದರಿಂದ ಇಂಗ್ಲಿಷ್ ಬಾರದವರೂ ಗುರುತಿಸಬಹುದಾದ ಒಂದೆರಡು ಚಿಹ್ನೆಗಳನ್ನು ಇಲ್ಲಿ ಹೇಳುತ್ತೇವೆ. ಒಟಿಪಿಯ ಸಂದೇಶದಲ್ಲಿ `Rs` ಅಥವಾ `INR` ಎಂಬ ಅಕ್ಷರಗಳೂ ಅದರ ಪಕ್ಕದಲ್ಲಿ ಮೊತ್ತವೂ ಇದ್ದರೆ, ಆ ಅಂಕಿಯನ್ನು ಕೊಟ್ಟೊಡನೆ ಅಷ್ಟು ಹಣ ಹೊರಹೋಗುತ್ತದೆ ಎಂದೇ ತಿಳಿಯಬೇಕು. ಕೆವೈಸಿಗೆ ರೂಪಾಯಿಯ ಲೆಕ್ಕವಿಲ್ಲ. `beneficiary` ಅಥವಾ `payee` ಎಂದಿದ್ದರೆ, ನಿಮ್ಮ ಖಾತೆಯಿಂದ ಹಣ ಪಡೆಯಬಲ್ಲ ಹೊಸಬನೊಬ್ಬನ ಹೆಸರನ್ನು ಸೇರಿಸಲಾಗುತ್ತಿದೆ ಎಂದರ್ಥ. ಆದರೆ ಮೊತ್ತ ಕಾಣದಿದ್ದರೆ ಅಪಾಯವಿಲ್ಲ ಎಂದುಕೊಳ್ಳುವಂತಿಲ್ಲ. ನಿಮ್ಮ ಖಾತೆಯನ್ನು ಬೇರೊಂದು ಫೋನಿನಲ್ಲಿ ತೆರೆಯುವುದಕ್ಕೂ ಒಟಿಪಿ ಬರುತ್ತದೆ. ಅದರಲ್ಲಿ ಮೊತ್ತವಿರುವುದಿಲ್ಲ, ಆದರೆ ಅದು ಇಡೀ ಪೆಟ್ಟಿಗೆಯ ಬೀಗದ ಕೈ.

ಅಂಕಿ ಹೇಳುವ ಅಭ್ಯಾಸವನ್ನು ನಮಗೆ ಮಾಡಿಸಿದವರು ಬೇರೆಯವರು ಎಂಬುದನ್ನೂ ಒಪ್ಪಬೇಕು. ಗ್ಯಾಸ್ ಸಿಲಿಂಡರ್ ತಂದವನು ಫೋನಿಗೆ ಬಂದ ಅಂಕಿಯನ್ನು ಕೇಳುತ್ತಾನೆ, ಪಾರ್ಸೆಲ್ ತಂದವನೂ ಕೇಳುತ್ತಾನೆ. ಹೇಳದಿದ್ದರೆ ವಸ್ತು ಕೈಗೆ ಸಿಗದು. ಗಲ್ಫಿನಲ್ಲಿರುವ ಮಗ ಅಪ್ಪನ ಖಾತೆಯಿಂದ ವಿದ್ಯುತ್ ಬಿಲ್ಲು ಕಟ್ಟುವಾಗ, "ಒಂದು ನಂಬರ್ ಬಂದಿರಬೇಕು, ಹೇಳಿ" ಎನ್ನುತ್ತಾನೆ. ಹೀಗೆ ಪಳಗಿದ ನಾಲಗೆ ಬ್ಯಾಂಕಿನವನೆಂದು ಹೇಳಿಕೊಂಡವನ ಮುಂದೆಯೂ ತಡೆಯಿಲ್ಲದೆ ಹೊರಳುತ್ತದೆ. ಗ್ಯಾಸಿನವನು ಬಾಗಿಲಲ್ಲಿ ಸಿಲಿಂಡರ್ ಇಳಿಸಿ ನಿಂತಿರುತ್ತಾನೆ, ಅಂಕಿ ಹೇಳಿದ್ದಕ್ಕೆ ವಸ್ತು ಕಣ್ಣೆದುರಿಗಿದೆ. ಫೋನಿನಲ್ಲಿ ಮಾತಾಡುವವನ ಮುಂದೆ ಏನಿದೆ?

ಕೊಂಡಿಯ ವಿಷಯ. ಬ್ಯಾಂಕುಗಳೆಲ್ಲ ತಮ್ಮ ಜಾಲತಾಣದ ವಿಳಾಸವನ್ನು `.bank.in` ಎಂದು ಕೊನೆಗೊಳ್ಳುವಂತೆ 2025ರ ಅಕ್ಟೋಬರ್ 31ರೊಳಗೆ ಬದಲಿಸಬೇಕೆಂದು ರಿಸರ್ವ್ ಬ್ಯಾಂಕು ಆದೇಶಿಸಿತ್ತು. ಸ್ಟೇಟ್ ಬ್ಯಾಂಕಿನ ವಿಳಾಸ ಈಗ `sbi.bank.in`. ಇದು ಒಳ್ಳೆಯ ಗುರುತು, ಆದರೆ ನೋಡುವ ಕ್ರಮ ತಿಳಿದಿರಬೇಕು. `https://` ಎಂಬುದನ್ನು ಬಿಟ್ಟು ಮುಂದೆ ಸಿಗುವ ಮೊದಲ ಓರೆ ಗೆರೆಯವರೆಗೆ ಮಾತ್ರ ಓದಿ, ಅದರ ಬಾಲವನ್ನು ನೋಡಬೇಕು. `sbi.bank.in.kyc-update.xyz/login` ಎಂದಿದ್ದರೆ ಮೊದಲರ್ಧ ಬ್ಯಾಂಕಿನದೆಂದು ಕಂಡರೂ ಬಾಲ `kyc-update.xyz`. ತಾಣ ಆ ಬಾಲದವನದು. ಲಕೋಟೆಯ ಮೇಲೆ ಯಾರು ಯಾವ ಹೆಸರನ್ನೂ ಬರೆಯಬಹುದು, ಕಾಗದ ಹೋಗಿ ಸೇರುವುದು ಕೊನೆಯ ಸಾಲಿನ ಊರಿಗೆ ತಾನೆ?

ಇದಕ್ಕಿಂತಲೂ ಕೆಟ್ಟದು ವಾಟ್ಸಪ್ಪಿನಲ್ಲಿ ಬರುವ, ಹೆಸರಿನ ಕೊನೆಯಲ್ಲಿ `.apk` ಎಂದಿರುವ ಕಡತ. ವಾಹನದ ದಂಡದ ಚಲನ್, ಮದುವೆಯ ಆಮಂತ್ರಣ, ಬ್ಯಾಂಕಿನ ಕೆವೈಸಿ, ಹೀಗೆ ನಾನಾ ವೇಷ. ಒತ್ತಿ ಒಳಗೆ ಬಿಟ್ಟುಕೊಂಡು ಅದು ಕೇಳಿದ ಅನುಮತಿಯನ್ನು ಕೊಟ್ಟಿರೋ, ಫೋನಿಗೆ ಬರುವ ಸಂದೇಶಗಳನ್ನು ಅದೇ ಓದಿ ಕಳ್ಳನಿಗೆ ರವಾನಿಸುತ್ತದೆ. ನೀವು ಬಾಯಿ ಬಿಡಬೇಕಾಗಿಯೇ ಇಲ್ಲ. ಅಂಥದು ಒಳಗೆ ಹೋಗಿದೆಯೆಂದು ಅನಿಸಿದರೆ ಮೊದಲು ಫೋನಿನ ಇಂಟರ್‌ನೆಟ್ ನಿಲ್ಲಿಸಿ, ಸಿಮ್ ತೆಗೆದು, ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಬೇಕು.

ಕರೆ ನಿಜವೋ ಅಲ್ಲವೋ ಎಂದು ಮಾತಿನಲ್ಲಿ ಪರೀಕ್ಷಿಸಲು ಹೋಗಬಾರದು, ಮಾತಿನಲ್ಲಿ ಅವನೇ ಗೆಲ್ಲುತ್ತಾನೆ. ನಮ್ಮ ಹೆಸರು ಶಾಖೆಗಳು ಅವನಿಗೆ ತಿಳಿದಿರುವುದು ಪುರಾವೆಯಲ್ಲ. ಅಂಥ ಪಟ್ಟಿಗಳು ಕೈಯಿಂದ ಕೈಗೆ ಮಾರಾಟವಾಗುತ್ತವೆ. ಬ್ಯಾಂಕುಗಳ ಸೇವಾ ಕರೆಗಳು 1600 ಎಂದು ಆರಂಭವಾಗುವ ಸಂಖ್ಯೆಗಳಿಂದ ಬರಬೇಕೆಂದು ಟ್ರಾಯ್ 2025ರಲ್ಲಿ ವಿಧಿಸಿದೆ. ಸಾಮಾನ್ಯ ಹತ್ತಂಕಿಯ ಮೊಬೈಲಿನಿಂದ ಬಂದರೆ ಸಂಶಯಕ್ಕೆ ಅದೊಂದು ಕಾರಣ. ಫೋನನ್ನು ಇಟ್ಟು, ಕಾರ್ಡಿನ ಹಿಂಬದಿಯಲ್ಲಿ ಅಥವಾ ಪಾಸ್‌ಬುಕ್ಕಿನಲ್ಲಿ ಅಚ್ಚಾಗಿರುವ ಸಂಖ್ಯೆಗೆ ನಾವೇ ಕರೆ ಮಾಡುವುದು ಸರಿಯಾದ ದಾರಿ. ಗೂಗಲಿನಲ್ಲಿ ಹುಡುಕಿ ಸಿಕ್ಕ ಸಂಖ್ಯೆ ಬೇಡ, ಅಲ್ಲಿಯೂ ಕಳ್ಳರು ತಮ್ಮ ಸಂಖ್ಯೆಯನ್ನು ಇಟ್ಟಿರುತ್ತಾರೆ.

ಹೇಳಿಬಿಟ್ಟ ಮೇಲೆ ಏನು? ಆ ಹಿರಿಯರು ನಿಜವಾಗಿ ಸೋತದ್ದು ಇಲ್ಲಿ. ಹಣ ಕಡಿತದ ಮೊದಲ ಸಂದೇಶ ಬಂದ ನಿಮಿಷದಲ್ಲಿಯೇ 1930ಕ್ಕೆ ಕರೆ ಮಾಡಬೇಕಿತ್ತು. ಅದಕ್ಕೆ ರಜೆಯಿಲ್ಲ. ಖಾತೆಯ ಸಂಖ್ಯೆ, ಮೊತ್ತ, ಹೊತ್ತು, ಸಂದೇಶದಲ್ಲಿರುವ ವ್ಯವಹಾರ ಸಂಖ್ಯೆ, ಇವನ್ನು ಹೇಳಿದರೆ ಹಣ ತಲುಪಿದ ಬ್ಯಾಂಕಿಗೆ ಸುದ್ದಿ ಹೋಗಿ, ಅಲ್ಲಿ ಉಳಿದಿರುವಷ್ಟನ್ನು ತಡೆಹಿಡಿಯುವ ವ್ಯವಸ್ಥೆಯಿದೆ. ಆದರೆ ಹಣ ಒಂದು ಖಾತೆಯಿಂದ ಮತ್ತೊಂದಕ್ಕೆ ನಿಮಿಷಗಳಲ್ಲಿ ಹಾರುತ್ತದೆ; ಮೂರು ದಿನ ಕಳೆದ ಮೇಲೆ ತಡೆಯಲು ಉಳಿಯುವುದು ಬಹಳ ಕಡಿಮೆ. ಜೊತೆಗೆ ಬ್ಯಾಂಕಿನ ಸಹಾಯವಾಣಿಗೂ ತಿಳಿಸಿ ಕಾರ್ಡನ್ನು ನಿಲ್ಲಿಸಬೇಕು, `cybercrime.gov.in`ನಲ್ಲಿ ದೂರು ದಾಖಲಿಸಿ ಅದರ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ರಿಸರ್ವ್ ಬ್ಯಾಂಕು 2017ರಲ್ಲಿ ಹಾಕಿಕೊಟ್ಟ ಕ್ರಮದಂತೆ, ಗ್ರಾಹಕನೇ ಗುಟ್ಟು ಹೇಳಿ ಆದ ನಷ್ಟ, ಅವನು ಬ್ಯಾಂಕಿಗೆ ತಿಳಿಸುವವರೆಗೆ ಅವನದೇ. ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು. ನಾಚಿಕೆಯಿಂದ ಮನೆಯವರಿಗೂ ಹೇಳದೆ ಕುಳಿತ ಒಂದೊಂದು ಗಂಟೆಯೂ ನಮ್ಮ ಲೆಕ್ಕಕ್ಕೇ ಬರುತ್ತದೆ.

ಇನ್ನು ಬ್ಯಾಂಕಿನವರಿಗೆ ಒಂದು ಮಾತು. ಈ ಗಡಿನಾಡಿನಲ್ಲಿ ಕನ್ನಡಿಗರು ಶಾಖೆಯೊಳಗೆ ಹೋದರೆ ಫಾರಂ ಮಲಯಾಳದಲ್ಲಿ ಅಥವಾ ಇಂಗ್ಲಿಷಿನಲ್ಲಿ, ಎಚ್ಚರಿಕೆಯ ಫಲಕವೂ ಹಾಗೆಯೇ, ಫೋನಿನ ಸಂದೇಶವೂ ಹಾಗೆಯೇ. ನಾವು ಮಲಯಾಳವನ್ನು ದೂರುತ್ತಿಲ್ಲ, ನಮ್ಮ ಮಕ್ಕಳು ಅದನ್ನು ಕಲಿತೇ ಬೆಳೆಯುತ್ತಿದ್ದಾರೆ. ಆದರೆ ಎಪ್ಪತ್ತು ದಾಟಿದವರು ಕನ್ನಡವೊಂದನ್ನೇ ಓದಬಲ್ಲರು, ಠೇವಣಿ ಇಟ್ಟವರೂ ಅವರೇ. ಬ್ಯಾಂಕಿನ ಹೆಸರಿನಲ್ಲಿ ಅವರೊಡನೆ ಕನ್ನಡದಲ್ಲಿ ಮಾತಾಡಿದ ಮೊದಲಿಗ ಕಳ್ಳನಾದರೆ ತಪ್ಪು ಕೇವಲ ಆ ಮುದುಕರದೇ? ಒಟಿಪಿಯ ಸಂದೇಶವನ್ನು ಕನ್ನಡದಲ್ಲಿ ಬೇಕೆಂದವರಿಗೆ ಕನ್ನಡದಲ್ಲಿ ಕಳುಹಿಸುವುದು ಮೇಲಿನ ಕಚೇರಿಗಳ ಕೆಲಸ, ಅದಕ್ಕೆ ನಾವು ಮನವಿ ಬರೆಯುತ್ತಲೇ ಇರುತ್ತೇವೆ. ನಗದು ಕೌಂಟರಿನ ಬಳಿ, ಒಟಿಪಿಯನ್ನು ಬ್ಯಾಂಕಿನವರಿಗೂ ಹೇಳಬೇಡಿ, ಹೇಳಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ ಎಂದು ದಪ್ಪ ಅಕ್ಷರದ ಕನ್ನಡ ಬರಹವೊಂದನ್ನು ಹಚ್ಚುವುದಕ್ಕೆ ಮಾತ್ರ ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ. ಅಚ್ಚಿನ ಖರ್ಚು ನಮ್ಮದಿರಲಿ. ಯಾವ ಶಾಖೆಯವರು ಕೇಳಿದರೂ ನಮ್ಮ ಮುದ್ರಣಾಲಯದಿಂದ ಪ್ರತಿಗಳನ್ನು ಕಳುಹಿಸಿಕೊಡುತ್ತೇವೆ. ಗೋಡೆಯನ್ನು ಅವರು ಕೊಟ್ಟರೆ ಸಾಕು.